ಮಾತ್ರೆಯಿಂದ ಮರಳದ ಶ್ರವಣಕ್ಕೆ ಕಿವಿ ತಮಟೆಯ ಮೂಲಕ ಸ್ಟೆರಾಯ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಕಿವಿ, ಮೂಗು, ಗಂಟಲು ವೈದ್ಯೆ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಾಗಿ, ಮಾತ್ರೆ ನುಂಗಿಯೂ ಸರಿಯಾಗದೆ, "ಇನ್ನು ಕಿವಿಗೇ ಚುಚ್ಚಬೇಕು" ಎಂಬ ಮಾತು ಕೇಳಿ ಗಾಬರಿಯಾದವರು ನನ್ನಲ್ಲಿ ಕೇಳಿದ, ಬರೆದು ಕಳಿಸಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಮೊದಲ ಪ್ರಶ್ನೆಗಳು ಈಗಷ್ಟೇ ತೊಂದರೆ ಶುರುವಾದವರಿಗೆ, ಕೊನೆಯವು ಚಿಕಿತ್ಸೆಯ ಮಧ್ಯದಲ್ಲಿರುವವರಿಗೆ.

## ಶುರುವಿನಲ್ಲಿ

ಬೆಳಗ್ಗೆ ಎದ್ದಾಗ ಎಡಗಿವಿ ಬಂದ್ ಆಗಿತ್ತು. ಶೀತಕ್ಕೋ ಗುಗ್ಗೆಗೋ ಹೀಗಾಗಿದೆ ಅಂದ್ಕೊಂಡೆ. ಅದಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬಾಯಿ ಮುಚ್ಚಿಕೊಂಡು "ಮ್ಮ್ಮ್" ಎಂದು ಗುನುಗಿ. ಆ ದನಿ ಬಂದ್ ಆದ ಕಿವಿಯಲ್ಲೇ ಜೋರಾಗಿ ಕೇಳಿದರೆ ತಡೆ ಬಹುಶಃ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ: ಗುಗ್ಗೆ, ನೀರು, ಶೀತ. ದನಿ ಚೆನ್ನಾಗಿರುವ ಕಿವಿಯ ಕಡೆಗೆ ಜರುಗಿದಂತೆ ಅನಿಸಿದರೆ ಪೆಟ್ಟು ಒಳಗಿವಿಗೆ ಅಥವಾ ಅದರ ನರಕ್ಕೆ ಬಿದ್ದಿರುವ ಸಂಶಯ ಹೆಚ್ಚು. ವೈದ್ಯರು ಶ್ರುತಿಕವೆಯನ್ನು ಬಡಿದು ಹಣೆಯ ಮೇಲೆ ಇಟ್ಟು ನೋಡುವುದೂ ಇದನ್ನೇ.

ಮನೆ ಪರೀಕ್ಷೆ ಏನೇ ಹೇಳಲಿ, ಕಿವಿ ನೋಡಿಸುವುದನ್ನು ಮುಂದೂಡಬೇಡಿ. ಖಚಿತವಾಗುವುದು ಆಡಿಯೋಗ್ರಾಂ, ಅಂದರೆ ಒಂದೊಂದು ಶ್ರುತಿಯಲ್ಲೂ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿದಾಗಲೇ. ಮೂರು ದಿನಗಳೊಳಗೆ, ಅಕ್ಕಪಕ್ಕದ ಕನಿಷ್ಠ ಮೂರು ಶ್ರುತಿಗಳಲ್ಲಿ 30 ಡೆಸಿಬಲ್ ಅಥವಾ ಹೆಚ್ಚು ಶ್ರವಣ ಕುಸಿದಿದ್ದರೆ ಅದನ್ನು ಹಠಾತ್ ನರ ಸಂಬಂಧಿ ಕಿವುಡು ಎನ್ನುತ್ತೇವೆ. ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಕಾರಣ ಸಿಗುವುದಿಲ್ಲ. ಹೆಚ್ಚಿನವರಿಗೆ ಜೊತೆಯಲ್ಲಿ ಗುಂಯ್ ಎನ್ನುವ ಸದ್ದಿರುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಜೊತೆಗಿದ್ದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ಆಗ ಕಿವಿ ವೈದ್ಯರನ್ನು ಹುಡುಕದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ನನ್ನ ಬಳಿ ತಡವಾಗಿ ಬರುವವರಲ್ಲಿ ಬಹಳ ಮಂದಿ ಹತ್ತು ದಿನ ಶೀತದ ಮಾತ್ರೆ ಮತ್ತು ಕಿವಿಗೆ ಹಾಕುವ ಹನಿಯಲ್ಲಿ ಕಳೆದಿರುತ್ತಾರೆ. ತಮಟೆ ನೋಡಿದಾಗ ಸ್ವಚ್ಛವಾಗಿ, ಮುತ್ತಿನ ಬಣ್ಣದಲ್ಲಿ ಹೊಳೆಯುತ್ತಿದೆ, ಆದರೂ ಕೇಳಿಸುತ್ತಿಲ್ಲ ಎಂದರೆ ಅಂದೇ ಆಡಿಯೋಗ್ರಾಂ ಬೇಕು.

ಎರಡು ವಾರ ಮಾತ್ರೆ ನುಂಗಿದೆ, ಸ್ವಲ್ಪ ವಾಸಿ ಅನ್ಸುತ್ತೆ, ಒಂದ್ಸಲ ಇಲ್ಲ ಅನ್ಸುತ್ತೆ. ಮಾತ್ರೆ ಕೆಲಸ ಮಾಡಿಲ್ಲ ಅಂತ ಯಾವಾಗ ತೀರ್ಮಾನ ಮಾಡೋದು?

ಅನಿಸಿಕೆಯಿಂದ ತೀರ್ಮಾನಿಸಬೇಡಿ, ಎರಡನೇ ಆಡಿಯೋಗ್ರಾಂನಿಂದ ತೀರ್ಮಾನಿಸಿ. ಕಿವಿಯೊಳಗಿನ ಬಿಗಿತ ಕಡಿಮೆಯಾದರೆ ಶ್ರವಣ ಮರಳಿದಂತೆ ಅನಿಸುತ್ತದೆ, ಗುಂಯ್ ಸದ್ದು ಜಾಸ್ತಿಯಾದ ದಿನ ಎಲ್ಲ ಹೋಯಿತು ಅನಿಸುತ್ತದೆ. ಈ ಎರಡು ಅನಿಸಿಕೆಗಳೂ ಅಳತೆಗೆ ಎಷ್ಟೋ ಸಲ ಹೊಂದುವುದಿಲ್ಲ.

ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯನ್ನು ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೆ 60 ಮಿಲಿಗ್ರಾಂ ಮೀರದಂತೆ, 7ರಿಂದ 14 ದಿನ ಕೊಟ್ಟು ಆಮೇಲೆ ಇಳಿಸುತ್ತಾ ನಿಲ್ಲಿಸುತ್ತೇವೆ. ಆ ಹೊತ್ತಿಗೆ, ಅಂದರೆ ತೊಂದರೆ ಶುರುವಾಗಿ ಎರಡು ವಾರದ ಆಸುಪಾಸಿನಲ್ಲಿ, ಮತ್ತೆ ಅಳೆಯಬೇಕು. ಈ ಅಳತೆಯಲ್ಲಿ ಡೆಸಿಬಲ್ ಸಂಖ್ಯೆ ದೊಡ್ಡದಾದಷ್ಟೂ ಕಿವುಡು ಹೆಚ್ಚು. 500, 1000, 2000, 4000 ಹರ್ಟ್ಸ್‌ಗಳ ಸರಾಸರಿ ನೋಡಿ. ಅದು 10 ಡೆಸಿಬಲ್ ಕೂಡ ಸುಧಾರಿಸಿಲ್ಲದಿದ್ದರೆ ಸುಧಾರಣೆ ಇಲ್ಲವೆಂದೇ ಲೆಕ್ಕ, ಏಕೆಂದರೆ ಒಂದೇ ಕಿವಿಯನ್ನು ಎರಡು ದಿನ ಅಳೆದರೂ 5 ಡೆಸಿಬಲ್ ಹೆಚ್ಚುಕಡಿಮೆ ಬರುತ್ತದೆ. ಸುಧಾರಿಸಿದ್ದರೂ ಇನ್ನೊಂದು ಕಿವಿಯ ಮಟ್ಟಕ್ಕೆ ಬಂದಿಲ್ಲದಿದ್ದರೆ ಅದು ಅರ್ಧ ಚೇತರಿಕೆ. ಈ ಎರಡೂ ಗುಂಪಿನವರ ಜೊತೆ ಇಂಜೆಕ್ಷನ್ನಿನ ಬಗ್ಗೆ ಮಾತನಾಡಲೇಬೇಕು.

ಪದಗಳನ್ನು ಗುರುತಿಸುವ ಪರೀಕ್ಷೆಯನ್ನೂ ಬಿಡಬೇಡಿ. "ಸದ್ದು ಬರುತ್ತೆ, ಮಾತು ತಿಳಿಯಲ್ಲ" ಎನ್ನುವವರ ಕಷ್ಟ ಅದರಲ್ಲಿ ಮಾತ್ರ ಕಾಣುತ್ತದೆ.

ಎರಡೂ ಸ್ಟೆರಾಯ್ಡೇ ಅಲ್ವಾ? ಬಾಯಲ್ಲಿ ತಗೊಂಡಾಗ ಆಗದ್ದು ಕಿವಿಗೆ ಚುಚ್ಚಿದ್ರೆ ಹೇಗೆ ಆಗುತ್ತೆ?

ಮೆದುಳಿಗೆ ರಕ್ತದಿಂದ ಸಿಕ್ಕಿದ್ದೆಲ್ಲ ಒಳನುಗ್ಗದಂತೆ ಒಂದು ತಡೆ ಇರುವ ಹಾಗೆ ಒಳಗಿವಿಗೂ ಇದೆ. ನುಂಗಿದ ಮಾತ್ರೆ ಇಡೀ ಮೈಗೆ ಹಂಚಿಹೋಗಿ, ಆ ತಡೆಯನ್ನೂ ದಾಟಿ, ಬಸವನಹುಳುವಿನ ಚಿಪ್ಪಿನ ಹಾಗಿರುವ ಕಾಕ್ಲಿಯಾದ ದ್ರವಕ್ಕೆ ತಲುಪುವಷ್ಟರಲ್ಲಿ ಬಹಳ ಸ್ವಲ್ಪ ಉಳಿದಿರುತ್ತದೆ.

ತಮಟೆಯ ಹಿಂದೆ ಇರುವುದು ನಡುಗಿವಿ, ಸುಮಾರು ಅರ್ಧ ಮಿಲಿಲೀಟರ್ ಹಿಡಿಯುವ ಪುಟ್ಟ ಗೂಡು. ಅದರ ಒಳಗೋಡೆಯಲ್ಲಿ ದುಂಡು ಕಿಟಕಿ ಎಂಬ ಚಿಕ್ಕ ಕಿಂಡಿಯಿದ್ದು ತೆಳು ಪೊರೆಯಿಂದ ಮುಚ್ಚಿಕೊಂಡಿದೆ. ಆ ಪೊರೆಯ ಆಚೆಗೆ ಕಾಕ್ಲಿಯಾದ ದ್ರವ. ಗೂಡಿನಲ್ಲಿ ಔಷಧ ತುಂಬಿ ನಿಂತರೆ ಪೊರೆಯ ಮೂಲಕ ನೇರ ಒಳಕ್ಕೆ ಜಿನುಗುತ್ತದೆ, ಮತ್ತು ಒಳದ್ರವದಲ್ಲಿ ಅದರ ಪ್ರಮಾಣ ರಕ್ತನಾಳಕ್ಕೆ ಕೊಟ್ಟಾಗ ಸಿಗುವುದಕ್ಕಿಂತ ಹಲವು ಪಟ್ಟು ಹೆಚ್ಚಾಗುತ್ತದೆ. ಅಂದರೆ ಇದು ಅದೇ ಔಷಧದ ಮರುಪ್ರಯತ್ನವಲ್ಲ. ಮೊದಲ ಸಲ ಕಿವಿಗೆ ತಲುಪದೆ ಹೋಗಿದ್ದನ್ನು ಈ ಸಲ ತಲುಪಿಸುವ ಪ್ರಯತ್ನ.

ಇದಕ್ಕೂ ಮಿತಿ ಇದೆ. ಔಷಧ ಕಾಕ್ಲಿಯಾದ ಬುಡದಲ್ಲಿ ದಟ್ಟವಾಗಿದ್ದು ತುದಿಯ ಕಡೆಗೆ ಹೋಗುತ್ತಾ ತೆಳುವಾಗುತ್ತದೆ. ಸದ್ದನ್ನು ಹಿಡಿಯುವ ರೋಮಕೋಶಗಳು ಸತ್ತಿದ್ದರೆ ಅವನ್ನು ಸ್ಟೆರಾಯ್ಡ್ ಬದುಕಿಸುವುದಿಲ್ಲ. ಊತದಿಂದ ಸೊರಗಿ ಇನ್ನೂ ಜೀವ ಹಿಡಿದುಕೊಂಡಿರುವ ಕೋಶಗಳಿಗೆ ಮಾತ್ರ ಅದು ಆಸರೆ.

ಹಾಗಿದ್ರೆ ಸ್ಟೆರಾಯ್ಡ್ ಡ್ರಾಪ್ಸ್ ಹಾಕ್ಕೊಂಡ್ರೆ ಸಾಲದಾ? ಸೂಜಿ ಯಾಕೆ?

ತೂತಿಲ್ಲದ ತಮಟೆ ನೀರು ಹೋಗದ ಚರ್ಮ. ಅದರ ಮೇಲೆ ಎಷ್ಟು ಹನಿ ಹಾಕಿದರೂ ನಡುಗಿವಿಗೆ ಇಳಿಯುವುದಿಲ್ಲ. ಹನಿ ಹಾಕಿಕೊಂಡು ಕಾಯುತ್ತಾ ಕೂತರೆ ಹೋಗುವುದು ದಿನಗಳು.

ನಂಗೆ ಆಗ್ಲೇ ಐದು ವಾರ ಆಯ್ತು. ಈಗ ಮಾಡಿಸಿ ಪ್ರಯೋಜನ ಇದೆಯಾ?

ಇದೆ, ಆದರೆ ಮುಂದಿನ ತಿಂಗಳು ನೋಡೋಣ ಎನ್ನುವ ಸಮಯ ನಿಮಗಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ವೈದ್ಯರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಪೂರ್ತಿ ಚೇತರಿಸಿಕೊಳ್ಳದವರಿಗೆ ತೊಂದರೆ ಶುರುವಾದ 2ರಿಂದ 6 ವಾರಗಳ ನಡುವೆ ಈ ಇಂಜೆಕ್ಷನ್ ನೀಡಲು ಮುಂದಾಗಬೇಕು ಎಂದಿದೆ. ಎಣಿಸಬೇಕಾದ್ದು ಕಿವಿ ಕೇಳಿಸದಾದ ದಿನದಿಂದ. ಮಾತ್ರೆ ಮುಗಿದ ದಿನದಿಂದ ಎಣಿಸಿ "ಇನ್ನೂ ಎರಡೇ ವಾರ" ಎಂದುಕೊಂಡವರನ್ನು ನೋಡಿದ್ದೇನೆ.

ಈ ಅವಧಿಯೊಳಗೂ ಮೂರನೇ ವಾರಕ್ಕೂ ಆರನೇ ವಾರಕ್ಕೂ ವ್ಯತ್ಯಾಸವಿದೆ, ಬೇಗ ಬಂದಷ್ಟೂ ಒಳ್ಳೆಯದು. ಆರು ವಾರ ದಾಟಿದ ಮೇಲೆ ಮಾಡಿಸಲೇಬಾರದು ಎಂದಲ್ಲ, ಆದರೆ ನಿರೀಕ್ಷೆಯನ್ನು ಬಹಳ ತಗ್ಗಿಸಬೇಕು. ಒಂದು ವರ್ಷದ ಹಿಂದೆ ಹೋದ ಕಿವಿಗೆ ನಾನು ಚುಚ್ಚುವುದಿಲ್ಲ.

## ಚುಚ್ಚುವ ದಿನ

ತಮಟೆಗೆ ಸೂಜಿ ಅಂದ್ರೇನೇ ಜೀವ ಹೋಗುತ್ತೆ. ನಿಜವಾಗ್ಲೂ ಏನು ಮಾಡ್ತಾರೆ? ಎಷ್ಟು ನೋಯುತ್ತೆ?

ಇದು ಹೊರರೋಗಿ ಕೋಣೆಯಲ್ಲೇ ಆಗುವ ಕೆಲಸ. ದೊಡ್ಡವರಿಗೆ ಅರಿವಳಿಕೆ ಕೊಟ್ಟು ಮಲಗಿಸಬೇಕಾಗಿಲ್ಲ, ಉಪವಾಸವೂ ಬೇಡ.

ನಿಮ್ಮನ್ನು ಮಲಗಿಸಿ, ತೊಂದರೆಯಿರುವ ಕಿವಿ ಮೇಲೆ ಬರುವಂತೆ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಗುಗ್ಗೆ ತೆಗೆಯುತ್ತೇವೆ. ತಮಟೆ ಮರಗಟ್ಟಲು ಲಿಗ್ನೋಕೇನ್ ಸ್ಪ್ರೇಯಲ್ಲಿ ಅದ್ದಿದ ಹತ್ತಿ ಅಥವಾ ಮರಗಟ್ಟಿಸುವ ಕ್ರೀಮ್ ಇಟ್ಟು ಕಾಯುತ್ತೇವೆ. ಕೆಲವು ವೈದ್ಯರು ಫೀನಾಲ್‌ನ ಸಣ್ಣ ಚುಕ್ಕೆ ಇಡುತ್ತಾರೆ, ಅದು ಇಟ್ಟ ಜಾಗವನ್ನು ತಕ್ಷಣ ಮರಗಟ್ಟಿಸುತ್ತದೆ. ಕ್ರೀಮ್ ಆದರೆ ಅರ್ಧ ಗಂಟೆಗೂ ಹೆಚ್ಚು ಬೇಕು. ಆಮೇಲೆ ಅದನ್ನು ಪೂರ್ತಿ ಹೀರಿ ತೆಗೆಯಲೇಬೇಕು. ಮರಗಟ್ಟಿಸುವ ಔಷಧ ನಡುಗಿವಿಗೆ ಇಳಿದರೆ ಕೆಲ ಗಂಟೆ ಕಾಲ ವಿಪರೀತ ತಲೆ ಸುತ್ತುತ್ತದೆ.

ಔಷಧದ ಶೀಶೆಯನ್ನು ಬೆಚ್ಚನೆ ನೀರಲ್ಲಿ ಇಟ್ಟು ಮೈಯ ಬಿಸಿಗೆ ತರುತ್ತೇವೆ. ಚಿಕ್ಕ ಸಂಗತಿ ಅನಿಸಬಹುದು, ಆದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆ ಔಷಧ ಒಳಗಿವಿಯ ಸಮತೋಲನದ ಅಂಗವನ್ನು ಕೆಣಕಿ ಕೋಣೆಯೇ ಗಿರಗಿರ ತಿರುಗುವಂತೆ ಮಾಡುತ್ತದೆ. ಆಮೇಲೆ 1 ಮಿಲಿಲೀಟರ್ ಸಿರಿಂಜಿಗೆ ಬೆನ್ನುಹುರಿಗೆ ಬಳಸುವಂಥ ಉದ್ದನೆಯ, ಕೂದಲಿನಂಥ ಸೂಜಿ ಸಿಕ್ಕಿಸಿ ತಮಟೆ ದಾಟಿಸಿ 0.4ರಿಂದ 0.8 ಮಿಲಿಲೀಟರ್ ನಿಧಾನವಾಗಿ ತುಂಬುತ್ತೇವೆ. ಒಳಗಿನ ಗಾಳಿ ಹೊರಬರಲು ಕೆಲವೊಮ್ಮೆ ಮೊದಲೇ ಪಕ್ಕದಲ್ಲಿ ಇನ್ನೊಂದು ಚುಕ್ಕೆ ತೂತು ಮಾಡುವುದುಂಟು. ಗಾಳಿಗೆ ದಾರಿಯಿಲ್ಲದಿದ್ದರೆ ಔಷಧ ಒಳಹೋಗದೆ ಕಿವಿಯಿಂದ ವಾಪಸ್ ಚಿಮ್ಮುತ್ತದೆ.

ಸೂಜಿ ತಾಗುವುದು ಒಂದು ಕ್ಷಣದ ಚುರುಕು. ಹೆಚ್ಚಿನವರು ನೋವೆಂದು ಹೇಳುವುದು ಆಮೇಲಿನ ತುಂಬಿದ ಒತ್ತಡ ಮತ್ತು ಉರಿಯನ್ನು. ಮೀಥೈಲ್‌ಪ್ರೆಡ್ನಿಸೋಲೋನ್ ಡೆಕ್ಸಾಮೆಥಸೋನ್‌ಗಿಂತ ಹೆಚ್ಚು ಉರಿಯುತ್ತದೆ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಸೂಜಿ ಒಳಗಿರುವಾಗ ತಲೆ ಅಲುಗಿಸಬೇಡಿ. ಕೆಮ್ಮು ಬರುವಂತಿದ್ದರೆ ಮೊದಲೇ ಕೈ ಎತ್ತಿ ತಿಳಿಸಿ.

ಅರ್ಧ ಗಂಟೆ ಮಾತಾಡ್ಬೇಡಿ, ಉಗುಳು ನುಂಗ್ಬೇಡಿ ಅಂದ್ರು. ಅದ್ಯಾಕೆ ಅಷ್ಟು ಕಟ್ಟುನಿಟ್ಟು?

ಇಡೀ ಚಿಕಿತ್ಸೆಯಲ್ಲಿ ನಿಮ್ಮ ಕೈಯಲ್ಲಿರುವ ಭಾಗ ಇದೇ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಾಳ ಎಂಬ ಸಣ್ಣ ಕೊಳವೆಯಿದೆ. ಸಾಮಾನ್ಯವಾಗಿ ಅದು ಮುಚ್ಚಿಕೊಂಡಿರುತ್ತದೆ. ಉಗುಳು ನುಂಗಿದಾಗ, ಆಕಳಿಸಿದಾಗ, ಮಾತನಾಡಿದಾಗ ಬಾಯ್ದೆರೆಯುತ್ತದೆ. ಘಟ್ಟ ಹತ್ತುವಾಗ ಉಗುಳು ನುಂಗಿದರೆ ಕಿವಿ "ಟಕ್" ಎಂದು ಬಿಡುವುದು ಇದರಿಂದಲೇ. ಔಷಧ ತುಂಬಿದ ಮೇಲೆ ನುಂಗಿದರೆ ಅದೇ ದಾರಿಯಲ್ಲಿ ಗಂಟಲಿಗೆ ಸೋರಿಹೋಗುತ್ತದೆ. ಗಂಟಲಲ್ಲಿ ಕಹಿ ರುಚಿ ಬಂದರೆ ಅದು ಸೋರುತ್ತಿರುವ ಔಷಧ.

ಹಾಗಾಗಿ ಕಿವಿ ಮೇಲಾಗಿ 20ರಿಂದ 30 ನಿಮಿಷ ಮಲಗಿಸುತ್ತೇವೆ. ಬಾಯಿಯ ಮೂಲೆಯಲ್ಲಿ ಹತ್ತಿಬಟ್ಟೆ ಅಥವಾ ಟಿಶ್ಯೂ ಇಟ್ಟುಕೊಂಡು ಉಗುಳನ್ನು ಅದಕ್ಕೆ ಬಿಡಿ. ಫೋನ್ ಜೊತೆಗೆ ಬಂದವರ ಕೈಲಿರಲಿ. ತಡೆಯದೆ ಒಂದೆರಡು ಸಲ ನುಂಗಿಬಿಟ್ಟರೆ ಎಲ್ಲ ಹಾಳಾಯಿತೆಂದು ಕೊರಗಬೇಡಿ, ದುಂಡು ಕಿಟಕಿಯ ಗುಂಡಿಯಲ್ಲಿ ಸ್ವಲ್ಪ ನಿಂತಿರುತ್ತದೆ. ಆದರೆ ಚುಚ್ಚಿದ ಐದೇ ನಿಮಿಷಕ್ಕೆ "ಆಯ್ತು, ಏಳಿ" ಎಂದರೆ, "ಇನ್ನೂ ಸ್ವಲ್ಪ ಹೊತ್ತು ಮಲಗಿರುತ್ತೇನೆ" ಎಂದು ಕೇಳುವ ಹಕ್ಕು ನಿಮಗಿದೆ.

ಯಾವ ಔಷಧ ಹಾಕ್ತಾರೆ, ಎಷ್ಟು ಸಲ? ಒಂದೇ ಸಲಕ್ಕೆ ಬಿಟ್ರೆ ಆಗಲ್ವಾ?

ಬಳಕೆಯಲ್ಲಿರುವುದು ಎರಡು: ಡೆಕ್ಸಾಮೆಥಸೋನ್ ಮತ್ತು ಮೀಥೈಲ್‌ಪ್ರೆಡ್ನಿಸೋಲೋನ್. ಒಂದು ಇನ್ನೊಂದಕ್ಕಿಂತ ಖಚಿತವಾಗಿ ಮೇಲು ಎಂದು ತೋರಿಸಿದವರಿಲ್ಲ. ಆದರೆ ಸಾಂದ್ರತೆ ಮುಖ್ಯ. ನಮ್ಮ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗುವ ಡೆಕ್ಸಾಮೆಥಸೋನ್ ಶೀಶೆಯಲ್ಲಿ ಪ್ರತಿ ಮಿಲಿಲೀಟರಿಗೆ 4 ಮಿಲಿಗ್ರಾಂ ಇರುತ್ತದೆ, ಮಾರ್ಗಸೂಚಿ ಹೇಳುವ 10 ಅಥವಾ 24 ಮಿಲಿಗ್ರಾಂಗಿಂತ ಅದು ಬಹಳ ತೆಳು. ಮೀಥೈಲ್‌ಪ್ರೆಡ್ನಿಸೋಲೋನ್ ಆದರೆ ಮಿಲಿಲೀಟರಿಗೆ 30 ಅಥವಾ 40 ಮಿಲಿಗ್ರಾಂ ಸಾಂದ್ರತೆ ಸುಲಭವಾಗಿ ದೊರೆಯುತ್ತದೆ. ಹಾಗಾಗಿ ನಾನು ಉರಿಯುತ್ತದೆಂದು ಗೊತ್ತಿದ್ದೂ ಅದನ್ನೇ ಆರಿಸುತ್ತೇನೆ.

ಎರಡು ವಾರಗಳಲ್ಲಿ ನಾಲ್ಕು ಸಲದವರೆಗೆ ಕೊಡುವುದು ರೂಢಿ, ಮೂರು ನಾಲ್ಕು ದಿನಕ್ಕೊಮ್ಮೆ. ಔಷಧ ಒಳದ್ರವದಿಂದ ಬೇಗ ತೊಳೆದುಹೋಗುವ ಕಾರಣ ಒಂದಕ್ಕೇ ನಿಲ್ಲಿಸಿದರೆ ಚಿಕಿತ್ಸೆ ಕೊಟ್ಟಂತಾಗುವುದಿಲ್ಲ. ಪ್ರತಿ ಇಂಜೆಕ್ಷನ್ನಿಗೆ ಮುಂಚೆ ಚಿಕ್ಕ ಆಡಿಯೋಗ್ರಾಂ ಮಾಡಿಸಿದರೆ ಒಳ್ಳೆಯದು. ಶ್ರವಣ ಪೂರ್ತಿ ಮರಳಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಎರಡಾದ ಮೇಲೂ ಸುಧಾರಣೆ ಕಾಣದಿದ್ದರೆ ಉಳಿದೆರಡನ್ನು ಮುಗಿಸುವಂತೆ ನಾನು ಹೇಳುತ್ತೇನೆ.

ತಮಟೆಗೆ ತೂತು ಬಿದ್ರೆ ಮುಚ್ಚುತ್ತಾ? ತಲೆಗೆ ಸ್ನಾನ ಮಾಡ್ಬಹುದಾ?

ಸೂಜಿಯ ತೂತು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಮುಚ್ಚದೆ ಉಳಿಯುವುದು ಅಧ್ಯಯನಗಳಲ್ಲಿ ಶೂನ್ಯದಿಂದ ನೂರಕ್ಕೆ ಸುಮಾರು 4ರವರೆಗೆ ಕಂಡಿದೆ. ಹಾಗೆ ಉಳಿದರೆ ತೇಪೆ ಹಾಕಿ ಮುಚ್ಚುವ ದಾರಿ ಇದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚುವುದರಿಂದ, ಮೊದಲು ಆ ಕಿವಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಈ ಅಪಾಯ ಹೆಚ್ಚು.

ಕೊನೆಯ ಇಂಜೆಕ್ಷನ್ ಆಗಿ ತಮಟೆ ಕೂಡಿದೆಯೆಂದು ವೈದ್ಯರು ನೋಡಿ ಹೇಳುವವರೆಗೆ ಕಿವಿಗೆ ನೀರು ಬೇಡ. ತಲೆಸ್ನಾನಕ್ಕೆ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಳ್ಳಿ. ಬಿಸಿ ಮಾಡಿದ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ರಸ ಖಂಡಿತ ಬೇಡ, ತೂತಿನ ಮೂಲಕ ಅದು ನೇರ ನಡುಗಿವಿಗೆ ಇಳಿಯುತ್ತದೆ. ಮೂಗನ್ನು ಜೋರಾಗಿ ಸೀದಬೇಡಿ.

ಚುಚ್ಚಿದ ದಿನ ಸ್ವಲ್ಪ ತಲೆ ಸುತ್ತುವುದು, ಕಿವಿ ತುಂಬಿದಂತಿರುವುದು ಸಹಜ. ಆ ಹೊತ್ತು ಮೊದಲಿಗಿಂತಲೂ ಕಡಿಮೆ ಕೇಳಿಸುತ್ತದೆ, ಏಕೆಂದರೆ ನಡುಗಿವಿಯಲ್ಲಿ ಗಾಳಿಯ ಬದಲು ದ್ರವ ಇದೆ. ಎರಡು ದಿನದ ಮೇಲೆ ನೋವು ಹೆಚ್ಚಾಗುತ್ತಾ ಹೋಗಿ ಕಿವಿ ಸೋರಿದರೆ ಅಥವಾ ಜ್ವರ ಬಂದರೆ ಸೋಂಕು ತಗುಲಿದೆ ಎಂದರ್ಥ. ಮುಂದಿನ ಇಂಜೆಕ್ಷನ್ನಿನ ದಿನದವರೆಗೆ ಕಾಯದೆ ಅಂದೇ ಹೋಗಿ ತೋರಿಸಿ.

ನಂಗೆ ಶುಗರ್ ಇದೆ. ಮಾತ್ರೆಯಲ್ಲೇ 300 ದಾಟಿತ್ತು. ಇಂಜೆಕ್ಷನ್ನಿಂದ ಇನ್ನೂ ಏರಲ್ವಾ?

ಮಾತ್ರೆಯ ಹಾಗೆ ಏರುವುದಿಲ್ಲ. ಅರ್ಧ ಮಿಲಿಲೀಟರ್ ಔಷಧದಲ್ಲಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕೆಲವರಲ್ಲಿ ಚುಚ್ಚಿದ ದಿನ, ಮರುದಿನ ತುಸು ಹೆಚ್ಚಾಗಬಹುದಾದ್ದರಿಂದ ಮನೆಯಲ್ಲಿ ನೋಡಿಕೊಳ್ಳಿ ಎನ್ನುತ್ತೇನೆ, ಅಷ್ಟೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಮೆರಿಕದಲ್ಲಿ 250 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ಚಿಕಿತ್ಸೆಯಾಗಿ ಒಂದು ಗುಂಪಿಗೆ ಮಾತ್ರೆ, ಇನ್ನೊಂದಕ್ಕೆ ನಾಲ್ಕು ಇಂಜೆಕ್ಷನ್ ಕೊಟ್ಟರು. ಎರಡು ತಿಂಗಳ ಮೇಲೆ ಮಾತ್ರೆಯವರು ಸರಾಸರಿ 30.7, ಇಂಜೆಕ್ಷನ್ನಿನವರು 28.7 ಡೆಸಿಬಲ್ ಸುಧಾರಿಸಿದ್ದರು, ಅಂದರೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಕ್ಕರೆ ಹತೋಟಿಗೆ ಬರದವರು, ಕಣ್ಣಿನ ಒತ್ತಡ ಅಥವಾ ಹೊಟ್ಟೆಹುಣ್ಣು ಇರುವವರು ಮಾತ್ರೆ ನುಂಗಿಯೇ ಸೋಲಬೇಕು, ಆಮೇಲೆ ಇಂಜೆಕ್ಷನ್ ಎಂಬ ನಿಯಮವೇನೂ ಇಲ್ಲ. ಮಿಕ್ಕವರಿಗೆ ಮಾತ್ರೆ ಮೊದಲು, ಏಕೆಂದರೆ ಅದು ಅಗ್ಗ, ಯಾವ ಊರಿನಲ್ಲೂ ಅಂದೇ ಶುರು ಮಾಡಬಹುದು.

## ಫಲ ಮತ್ತು ಮುಂದಿನದು

ನೇರವಾಗಿ ಹೇಳಿ ಮೇಡಂ, ಕಿವಿ ಬರುತ್ತಾ ಇಲ್ವಾ?

ಹಲವರಿಗೆ ಸ್ವಲ್ಪ ಬರುತ್ತದೆ, ಕೆಲವರಿಗೆ ಚೆನ್ನಾಗಿ ಬರುತ್ತದೆ, ಕೆಲವರಿಗೆ ಏನೂ ಬರುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ, 2022ರಲ್ಲಿ ಪ್ರಕಟವಾದ ಪರಾಮರ್ಶೆ 30 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದೆ. ಮಾತ್ರೆ ಫಲಿಸದ ಮೇಲೆ ಇಂಜೆಕ್ಷನ್ ಪಡೆದವರು, ಪಡೆಯದವರಿಗಿಂತ ಸರಾಸರಿ ಸುಮಾರು 9 ಡೆಸಿಬಲ್ ಹೆಚ್ಚು ಸುಧಾರಿಸಿದ್ದರು. ಪುರಾವೆ ಅಷ್ಟೇನೂ ಗಟ್ಟಿಯಲ್ಲ ಎಂದೂ ಆ ಪರಾಮರ್ಶೆಯೇ ಹೇಳಿದೆ.

9 ಡೆಸಿಬಲ್ ಎಂದರೆ ಹಿಗ್ಗುವಷ್ಟು ದೊಡ್ಡದಲ್ಲ. ಆದರೆ ಅದು ಎಲ್ಲಿಂದ ಎಲ್ಲಿಗೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. 100ರಲ್ಲಿದ್ದ ಕಿವಿ 91ಕ್ಕೆ ಬಂದರೆ ದಿನನಿತ್ಯದ ಬದುಕಿನಲ್ಲಿ ಏನೂ ಬದಲಾಗುವುದಿಲ್ಲ. 58ರಲ್ಲಿದ್ದದ್ದು 49ಕ್ಕೆ ಬಂದರೆ ಶ್ರವಣಯಂತ್ರ ಹಾಕಿಕೊಂಡು ಮಾತು ಕೇಳುವ ಕಿವಿಯಾಗುತ್ತದೆ.

ಶುರುವಿನಲ್ಲೇ ಪೂರ್ತಿ ಕಿವುಡಾಗಿದ್ದವರು, ಜೊತೆಗೆ ಜೋರು ತಲೆಸುತ್ತು ಬಂದವರು, ವಯಸ್ಸಾದವರು, ತಡವಾಗಿ ಬಂದವರು ಚೇತರಿಸಿಕೊಳ್ಳುವುದು ಕಷ್ಟ. ಕೆಳ ಶ್ರುತಿಗಳು ಮೇಲಿನವುಗಳಿಗಿಂತ ಸುಲಭವಾಗಿ ಮರಳುತ್ತವೆ.

ಬೇರೆಯವರದ್ದು ಹೇಗಾಯ್ತು ಅಂತ ಒಂದು ಉದಾಹರಣೆ ಹೇಳಿ. ದಿನದ ಲೆಕ್ಕದಲ್ಲಿ.

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಒಬ್ಬರದನ್ನು ಹೇಳುತ್ತೇನೆ. 47 ವರ್ಷದ ಬಸ್ ಕಂಡಕ್ಟರ್. ಬೆಳಗಿನ ಪಾಳಿಯಲ್ಲಿ "ಟಿಕೆಟ್" ಎಂದು ಎಡಗಡೆಯಿಂದ ಕರೆದವರ ದನಿ ಕೇಳದೆ ತೊಂದರೆ ಅರಿವಿಗೆ ಬಂತು. ಅವರ ಮಾತಲ್ಲೇ ಹೇಳುವುದಾದರೆ, "ಯಾರು ಯಾವ ಸೀಟಿಂದ ಕರೀತಾರೆ ಅಂತಾನೇ ಗೊತ್ತಾಗಲ್ಲ ಮೇಡಂ." ದಿಕ್ಕು ತಿಳಿಯಲು ಎರಡು ಕಿವಿ ಬೇಕು.

3ನೇ ದಿನ ಬಂದರು. ಎಡಗಿವಿ 500, 1000, 2000, 4000 ಹರ್ಟ್ಸ್‌ಗಳಲ್ಲಿ 70, 70, 75, 85 ಡೆಸಿಬಲ್, ಸರಾಸರಿ 75. ಪದ ಗುರುತಿಸುವುದು ನೂರಕ್ಕೆ 24. ಬಲಗಿವಿ ಸರಾಸರಿ 20. ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಹತ್ತು ದಿನ, ಆಮೇಲೆ ಇಳಿಕೆ. 16ನೇ ದಿನ ಮತ್ತೆ ಅಳೆದಾಗ 60, 65, 70, 80, ಸರಾಸರಿ ಸುಮಾರು 69, ಪದಗಳು 32. ಅವರಿಗೆ "ವಾಸಿ ಆಗ್ತಿದೆ" ಅನಿಸುತ್ತಿತ್ತು, ಇನ್ನೆರಡು ವಾರ ಕಾಯುವ ಮನಸ್ಸಿತ್ತು. ಲೆಕ್ಕದಲ್ಲಿ ಸುಧಾರಣೆ 6 ಡೆಸಿಬಲ್, ಅಂದರೆ ಇಲ್ಲವೆಂದೇ ಅರ್ಥ. ನಾನು ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಗೆರೆಗಳು ಬಹುತೇಕ ಕೂಡಿಕೊಂಡಿದ್ದವು.

17, 21, 24, 28ನೇ ದಿನ ನಾಲ್ಕು ಇಂಜೆಕ್ಷನ್ ಆದವು, ಮೀಥೈಲ್‌ಪ್ರೆಡ್ನಿಸೋಲೋನ್. ಮೊದಲ ಸಲ ಹತ್ತು ನಿಮಿಷ ತಲೆ ಸುತ್ತಿತು. ಮೂರನೆಯದಕ್ಕೆ ಮುಂಚಿನ ಅಳತೆ 50, 55, 65, 80. 42ನೇ ದಿನ 35, 40, 55, 75, ಸರಾಸರಿ 51, ಪದಗಳು 68. 4000 ಹರ್ಟ್ಸ್ ಹೆಚ್ಚೇನೂ ಜರುಗಲಿಲ್ಲ, ಗುಂಯ್ ಸದ್ದು ಕಡಿಮೆಯಾಯಿತು ಆದರೆ ಹೋಗಲಿಲ್ಲ. ಮೂರು ತಿಂಗಳ ಮೇಲೂ ಅದೇ ಮಟ್ಟ. ಶ್ರವಣಯಂತ್ರ ಹಾಕಿಕೊಂಡು ಕೆಲಸಕ್ಕೆ ಮರಳಿದರು.

ಈ 18 ಡೆಸಿಬಲ್‌ನಲ್ಲಿ ಇಂಜೆಕ್ಷನ್ನಿನ ಪಾಲೆಷ್ಟು, ಕಿವಿ ತಾನಾಗಿ ಚೇತರಿಸಿಕೊಂಡದ್ದೆಷ್ಟು ಎಂದು ಒಬ್ಬ ರೋಗಿಯಲ್ಲಿ ಬಿಡಿಸಿ ಹೇಳಲಾಗದು. ತಾನಾಗಿ ಆಗುವ ಚೇತರಿಕೆ ಬಹುಪಾಲು ಮೊದಲ ಎರಡು ವಾರಗಳಲ್ಲೇ ಆಗುತ್ತದೆ ಎಂಬುದು ಮಾತ್ರ ಗೊತ್ತು.

ಒಂದು ಕಡೆ ಪೂರ್ತಿ ಕಿವುಡು ಅಂದ್ರು, ಇನ್ನೊಂದು ಕಡೆ ಅರ್ಧ ಕೇಳುತ್ತೆ ಅಂತ ಬರೆದಿದ್ದಾರೆ. ಯಾವುದನ್ನ ನಂಬೋದು?

ಕೆಟ್ಟ ಕಿವಿಗೆ ಜೋರಾಗಿ ಸದ್ದು ಕೊಟ್ಟಾಗ ಅದು ತಲೆಬುರುಡೆಯ ಮೂಲಕ ಚೆನ್ನಾಗಿರುವ ಕಿವಿಗೆ ದಾಟುತ್ತದೆ. ನೀವು ಪ್ರಾಮಾಣಿಕವಾಗಿ "ಕೇಳಿಸಿತು" ಎಂದು ಬಟನ್ ಒತ್ತುತ್ತೀರಿ, ಕೇಳಿಸಿಕೊಂಡದ್ದು ಮಾತ್ರ ಇನ್ನೊಂದು ಕಿವಿ. ಇದನ್ನು ತಡೆಯಲು ಪರೀಕ್ಷೆಯ ವೇಳೆ ಒಳ್ಳೆಯ ಕಿವಿಗೆ ಸುರ್ರ್ ಎನ್ನುವ ಸದ್ದು ಹಾಕಿಡಬೇಕು, ಅದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ನಿಮಗೆ ಅಂಥ ಸದ್ದು ಕೇಳಿಸಿದ ನೆನಪಿಲ್ಲದಿದ್ದರೆ "ಅರ್ಧ ಕೇಳುತ್ತದೆ" ಎಂಬ ವರದಿಯನ್ನು ಅನುಮಾನಿಸಿ. ಹೊರಗಿನ ಸದ್ದು ಒಳಬರದ ಕೋಣೆಯಲ್ಲಿ, ಆಡಿಯಾಲಜಿಸ್ಟ್ ಕೈಯಲ್ಲಿ, ಆದಷ್ಟೂ ಒಂದೇ ಕಡೆ ಎಲ್ಲ ಅಳತೆಗಳನ್ನೂ ಮಾಡಿಸಿ. ಮೈಸೂರಿನ ಸುತ್ತಮುತ್ತಲಿನವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕಿವಿಗೆ ಔಷಧ ಕೊಡೋಕೆ ತಲೆಗೆ ಎಂಆರ್‌ಐ ಯಾಕೆ? ದುಡ್ಡು ದಂಡ ಅಲ್ವಾ?

ಅಲ್ಲ. ಹಠಾತ್ ಕಿವುಡಾದ ನೂರು ಜನರಲ್ಲಿ ಕೆಲವರಿಗೆ ಶ್ರವಣ ನರದ ದಾರಿಯಲ್ಲಿ ಗಂಟು ಬೆಳೆದಿರುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಬೆಳೆಯಬಹುದು. ಸ್ಟೆರಾಯ್ಡ್‌ನಿಂದ ಊತ ಇಳಿದು ಶ್ರವಣ ಮರಳಿದವರಲ್ಲೂ ಗಂಟು ಸಿಕ್ಕಿದ್ದುಂಟು, ಹಾಗಾಗಿ ಗುಣವಾಯಿತೆಂದು ಸ್ಕ್ಯಾನ್ ಬಿಡಬೇಡಿ. ದಂಡವಾಗುವುದು ತಲೆಯ ಸಾಮಾನ್ಯ ಸಿಟಿ ಸ್ಕ್ಯಾನ್, ಸಣ್ಣ ಗಂಟು ಅದರಲ್ಲಿ ತಪ್ಪಿಹೋಗುತ್ತದೆ. ಎಂಆರ್‌ಐಗೆ ಕಾಯುತ್ತಾ ಇಂಜೆಕ್ಷನ್ ಮುಂದೂಡುವುದೂ ಬೇಡ, ಎರಡೂ ಜೊತೆಜೊತೆಗೆ ನಡೆಯಲಿ.

ರಕ್ತ ಓಡಾಡೋ ಮಾತ್ರೆ, ವೈರಸ್ ಮಾತ್ರೆ, ವಿಟಮಿನ್ ಎಲ್ಲಾ ಕೊಟ್ಟಿದ್ದಾರೆ. ಆಕ್ಸಿಜನ್ ಕೊಠಡಿನೂ ಹೇಳ್ತಾರೆ. ಬೇಕಾ?

ರಕ್ತನಾಳ ಹಿಗ್ಗಿಸುವ ಔಷಧ, ವೈರಸ್ ವಿರುದ್ಧದ ಔಷಧಗಳನ್ನು ವಾಡಿಕೆಯಾಗಿ ಕೊಡಬಾರದೆಂದು 2019ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಹೆಚ್ಚಿನ ಒತ್ತಡದ ಆಮ್ಲಜನಕ ಚಿಕಿತ್ಸೆಯನ್ನು ಸ್ಟೆರಾಯ್ಡ್ ಜೊತೆಗೆ, ಮೊದಲ ಎರಡು ವಾರದಲ್ಲಿ ಅಥವಾ ಮರುಪ್ರಯತ್ನವಾಗಿ ಒಂದು ತಿಂಗಳೊಳಗೆ ಕೊಡಬಹುದು ಎನ್ನುತ್ತದೆ. ಆ ಕೊಠಡಿ ದೊಡ್ಡ ಊರುಗಳಲ್ಲಷ್ಟೇ ಇದೆ, ಹಲವು ದಿನ ದುಬಾರಿ ಓಡಾಟ. ಹತ್ತಿರದಲ್ಲಿದ್ದು ಕೈಗೆಟುಕಿದರೆ ಸೇರಿಸಿಕೊಳ್ಳಿ. ಎರಡರಲ್ಲಿ ಒಂದೇ ಸಾಧ್ಯವಿದ್ದರೆ ನಾನು ಇಂಜೆಕ್ಷನ್ನನ್ನೇ ಆರಿಸುತ್ತೇನೆ.

ನಾಲ್ಕೂ ಇಂಜೆಕ್ಷನ್ ಆಯ್ತು, ಏನೂ ಬರಲಿಲ್ಲ. ಇನ್ನೂ ನಾಲ್ಕು ಹಾಕಿಸ್ಲಾ?

ಬೇಡ. ನಾಲ್ಕರಲ್ಲಿ ಒಂದಿಷ್ಟೂ ಜರುಗದ ಕಿವಿ ಎಂಟರಲ್ಲಿ ಬರುತ್ತದೆಂದು ನಂಬಲು ಆಧಾರವಿಲ್ಲ, ತಮಟೆ ಮಾತ್ರ ಸವೆಯುತ್ತದೆ. ಚಿಕಿತ್ಸೆ ಮುಗಿದಾಗ ಒಂದು ಆಡಿಯೋಗ್ರಾಂ, ಆರು ತಿಂಗಳೊಳಗೆ ಇನ್ನೊಂದು ಮಾಡಿಸಿ. ಉಳಿದಿರುವ ಶ್ರವಣ ಎಷ್ಟು ಎಂಬುದರ ಮೇಲೆ ಮುಂದಿನ ದಾರಿ.

ಪದಗಳು ಒಂದಿಷ್ಟು ತಿಳಿಯುವಂತಿದ್ದರೆ ಸಾಮಾನ್ಯ ಶ್ರವಣಯಂತ್ರ. ಹಾಕಿದಾಗ ಗುಂಯ್ ಸದ್ದೂ ಹಲವರಿಗೆ ಹಿಂದೆ ಸರಿಯುತ್ತದೆ. ಮಾತು ಏನೇನೂ ತಿಳಿಯದಿದ್ದರೆ, ಕಿವುಡು ಕಡೆಯ ಸದ್ದನ್ನು ಮೈಕ್‌ನಲ್ಲಿ ಹಿಡಿದು ಒಳ್ಳೆಯ ಕಿವಿಗೆ ಕಳಿಸುವ ಕ್ರಾಸ್ ಯಂತ್ರ. ಅದು ಪಕ್ಕದಲ್ಲಿ ಕೂತವರ ಮಾತನ್ನು ಕೇಳಿಸುತ್ತದೆ, ದಿಕ್ಕನ್ನು ತಿಳಿಸುವುದಿಲ್ಲ. ಎರಡು ಕಿವಿಯ ಅನುಭವಕ್ಕೆ ಹತ್ತಿರ ತರಬಲ್ಲದ್ದು ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಒಂದೇ ಕಿವಿ ಕಿವುಡಾದವರಿಗೂ ಅದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಖರ್ಚು ಲಕ್ಷಗಳಲ್ಲಿ.

ಯಂತ್ರ ಹಾಕಿಕೊಳ್ಳುವವರೆಗೆ ಒಂದು ಕೆಲಸ ಮಾಡಿ: ಊಟದ ಮೇಜಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕಿವುಡು ಕಿವಿ ಗೋಡೆಯ ಕಡೆಗೆ ಬರುವಂತೆ ಕೂತುಕೊಳ್ಳಿ. ರಸ್ತೆ ದಾಟುವಾಗ ಸದ್ದು ಬಂದ ದಿಕ್ಕನ್ನು ನಂಬದೆ ಎರಡೂ ಕಡೆ ಕಣ್ಣಲ್ಲಿ ನೋಡಿ. ಚೆನ್ನಾಗಿರುವ ಕಿವಿಯಲ್ಲಿ ಮುಂದೆ ಎಂದಾದರೂ ಬಿಗಿತವೋ ಗುಂಯ್ ಸದ್ದೋ ಶುರುವಾದರೆ ಅಂದೇ ಬನ್ನಿ.